ಪಂದಿಕರಿಯ ಸೌಟು, ಎರಡು ಇನಿಷಿಯಲ್ಲು: ದುಬೈ ಹೋಟೆಲ್ ಸಂದರ್ಶನಕ್ಕೆ ನಾನು ಮಾಡಿಕೊಂಡ ತಯಾರಿ

ದುಬೈನ ಹೋಟೆಲೊಂದರ ರೆಸ್ಟೋರೆಂಟಿಗೆ ವೇಟರ್ ಆಗಿ ನನ್ನ ಆಯ್ಕೆಯಾದದ್ದು ಮೂರನೆಯ ಸಂದರ್ಶನದಲ್ಲಿ. ಮೊದಲನೆಯದಕ್ಕೆ ನಾನೂ ಸಹಪಾಠಿಗಳಂತೆ ಐವತ್ತು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬೆಂಗಳೂರಿಗೆ ಹೋಗಿದ್ದೆ. ಅತಿಥಿ ದೂರಿದರೆ ಏನು ಮಾಡುತ್ತೀರಿ ಎಂದಾಗ ಆಲಿಸುತ್ತೇನೆ, ಕ್ಷಮೆ ಕೇಳುತ್ತೇನೆ, ಪರಿಹರಿಸುತ್ತೇನೆ, ಧನ್ಯವಾದ ಹೇಳುತ್ತೇನೆ ಎಂದು ಒಪ್ಪಿಸಿದೆ. "ಹಾಗೆ ಕೊನೆಯ ಬಾರಿ ಮಾಡಿದ್ದು ಯಾವಾಗ?" ಎಂಬ ಮರುಪ್ರಶ್ನೆಗೆ ಬಾಯಿ ಕಟ್ಟಿಹೋಯಿತು. ಎರಡನೆಯದರಲ್ಲಿ ಬಯೋಡೇಟಾದಲ್ಲಿ ಕ್ಯಾಪ್ಟನ್ ಎಂದು ಬರೆದುಕೊಂಡಿದ್ದೆ, ಅನುಭವ ಪತ್ರದಲ್ಲಿ ಟ್ರೈನಿ ಎಂದಿತ್ತು. ಸಂದರ್ಶನ ಐದು ನಿಮಿಷವೂ ನಡೆಯಲಿಲ್ಲ.

ಆಮೇಲೆ ಬಾಯಿಪಾಠವನ್ನು ಬಿಟ್ಟು, ಮಡಿಕೇರಿಯ ಹತ್ತಿರದ ರೆಸಾರ್ಟಿನಲ್ಲಿ ಕಳೆದ ಹನ್ನೊಂದು ತಿಂಗಳಲ್ಲಿ ನನ್ನ ಟೇಬಲುಗಳಲ್ಲಿ ನಡೆದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಸುಮಾರು ನಲವತ್ತು ಘಟನೆಗಳು ನೆನಪಾದವು, ಹನ್ನೆರಡನ್ನು ಉಳಿಸಿಕೊಂಡೆ. ಘಾಟಿಯ ಮೇಲಿನ ಸಣ್ಣ ರೆಸಾರ್ಟಿನ ಕಥೆ ಅಲ್ಲಿ ಯಾರಿಗೆ ಬೇಕು ಎಂದು ಗೆಳೆಯರು ನಕ್ಕರು. ಅವರಲ್ಲಿ ಇಬ್ಬರು ಇನ್ನೂ ಐವತ್ತು ಪ್ರಶ್ನೆಗಳನ್ನೇ ಓದುತ್ತಿದ್ದಾರೆ.

ಹನ್ನೆರಡರಲ್ಲಿ ನನ್ನನ್ನು ದಡ ಸೇರಿಸಿದ್ದು ಸೌಟಿನ ಪ್ರಸಂಗ. ದಸರಾ ರಜೆಯ ಗದ್ದಲದಲ್ಲಿ ಬಫೆಯ ಪಂದಿಕರಿಯ ಸೌಟನ್ನು ಯಾರೋ ಪಕ್ಕದ ತರಕಾರಿ ಕುರ್ಮದ ಪಾತ್ರೆಯಲ್ಲಿ ಇಟ್ಟಿದ್ದರು, ಅದು ಸಸ್ಯಾಹಾರಿ ಕುಟುಂಬವೊಂದರ ಕಣ್ಣಿಗೆ ಬಿತ್ತು. ನಾನು ವಾದಿಸದೆ ತಟ್ಟೆಗಳನ್ನು ತೆಗೆದೆ, ಕುರ್ಮದ ಪಾತ್ರೆಯನ್ನು ಬಫೆಯಿಂದಲೇ ಹಿಂದಕ್ಕೆ ಕಳುಹಿಸಿ ಡ್ಯೂಟಿ ಮ್ಯಾನೇಜರಿಗೆ ತಿಳಿಸಿದೆ, ಹೊಸ ಕುರ್ಮ ಬರಲು ಇಪ್ಪತ್ತು ನಿಮಿಷವಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ ಅಷ್ಟರೊಳಗೆ ಬೇರೆ ಅಡುಗೆಮನೆಯ ಕಡೆಯಿಂದ ನೂಲ್‌ಪುಟ್ಟು, ಕಾಯಿಹಾಲು ತಂದಿಟ್ಟೆ. ಇದನ್ನು ಇಂಗ್ಲಿಷಿನಲ್ಲಿ ಒಂದೂವರೆ ನಿಮಿಷಕ್ಕೆ ಇಳಿಸಲು ಮೊಬೈಲಿನಲ್ಲಿ ಹದಿನೈದು ಸಲವಾದರೂ ರೆಕಾರ್ಡ್ ಮಾಡಿರಬೇಕು. ಹೋಂಸ್ಟೇ ನಡೆಸುವ ಚಿಕ್ಕಮ್ಮನ ಮುಂದೆ ಕನ್ನಡದಲ್ಲಿಯೂ ಹೇಳುತ್ತಿದ್ದೆ. ಅವರು "ಮತ್ತೆ ಆ ಕುರ್ಮ ಮೊದಲೇ ತಿಂದವರ ಗತಿ?" ಎಂದು ಕೇಳಿದಾಗಲೇ ಕಥೆಯಲ್ಲಿ ಎಲ್ಲಿ ತೂತಿದೆ ಎಂದು ಗೊತ್ತಾದದ್ದು.

ಆ ತೂತನ್ನು ನಾನು ಮುಚ್ಚಲಿಲ್ಲ, ಬೇಕೆಂದೇ ಬಿಟ್ಟೆ. ಸಂದರ್ಶಕರು ಅದನ್ನೇ ಕೇಳಿದರು: ಉಳಿದ ಟೇಬಲುಗಳಿಗೆ ಏನು ಹೇಳಿದಿರಿ? ಬಿಲ್ಲಿನಲ್ಲಿ ಕಡಿತ ಕೊಟ್ಟಿರಾ? ಮ್ಯಾನೇಜರು ಪ್ರತಿ ಟೇಬಲಿಗೂ ಹೋಗಿ ತಿಳಿಸಿದರೆಂದೂ, ಕಡಿತ ಕೊಡುವ ಅಧಿಕಾರ ನನಗೆ ಇರದಿದ್ದುದರಿಂದ ನಾನಾಗಿ ಮಾತು ಕೊಡಲಿಲ್ಲವೆಂದೂ ಉತ್ತರಿಸಿದೆ. ತಲೆದೂಗಿದ್ದು ಈ ಎರಡನೆಯ ಉತ್ತರಕ್ಕೆ. ಹಂದಿಮಾಂಸವನ್ನು ಪ್ರತ್ಯೇಕವಾಗಿ ಇಡಬೇಕಾದ ಊರಿನಲ್ಲಿ ಈ ಕಥೆಗೆ ಬೆಲೆ ಇದ್ದೇ ಇತ್ತು. ಉತ್ತರವನ್ನು ಮುಗಿಸಲು ನಾನು ಬಳಸಿದ ಒಂದು ವಾಕ್ಯ ಮಾತ್ರ ನನ್ನಲ್ಲೇ ಇರಲಿ, ಬರುವ ತಿಂಗಳು ನನ್ನ ತಮ್ಮನಿಗೂ ಸಂದರ್ಶನವಿದೆ.

ಸಂದರ್ಶನದಲ್ಲಿ ಎಸ್‌ಪ್ರೆಸೊ ಬಗ್ಗೆ ಕೇಳಬಹುದೆಂದು ಕೆಫೆಯೊಂದರ ಯಂತ್ರದಲ್ಲಿ ಕೊಡಗು ಅರೇಬಿಕಾ ಹಾಕಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯುವಂತೆ ಹುಡಿಯ ನುಣುಪನ್ನು ಹೊಂದಿಸುವುದರಲ್ಲಿ ಒಂದು ವಾರ ಕಳೆದೆ. ಯಾರೂ ಕೇಳಲಿಲ್ಲ, ಕಾಫಿ ಮಾತ್ರ ಚೆನ್ನಾಗಿ ಬಂತು.

ಹಣ ಹೋದದ್ದು ಕಾಗದಪತ್ರಗಳ ಕಡೆಗೆ. ಮೊದಲ ಏಜೆಂಟ್ ಫೈಲ್ ಚಾರ್ಜ್ ಎಂದು ಇಪ್ಪತ್ತು ಸಾವಿರ ತೆಗೆದುಕೊಂಡು ಫೋನ್ ಎತ್ತುವುದನ್ನೇ ಬಿಟ್ಟ. ನೋಂದಾಯಿತ ಏಜೆಂಟರ ಪಟ್ಟಿ emigrate.gov.in ತಾಣದಲ್ಲಿದೆ, ಅವರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಪದವಿ ಪತ್ರಕ್ಕೆ ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮುದ್ರೆ, ಯುಎಇ ರಾಯಭಾರ ಕಚೇರಿಯ ಮುದ್ರೆ ಎಂದು ಆತುರದಲ್ಲಿ ಹನ್ನೊಂದು ಹನ್ನೆರಡು ಸಾವಿರ ಸುರಿದೆ. ನನ್ನ ಹುದ್ದೆಗೆ ಅದನ್ನು ಯಾರೂ ಕೇಳಲೇ ಇಲ್ಲ. ಆಫರ್ ಲೆಟರ್ ಬಂದ ಮೇಲೆ ಬೇಕೇ ಎಂದು ಕೇಳಿ ಮಾಡಿಸಿದ್ದರೆ ಅಷ್ಟೂ ಉಳಿಯುತ್ತಿತ್ತು.

ನಮ್ಮ ಕಡೆಯ ಹೆಸರುಗಳದ್ದು ಬೇರೆಯೇ ಪಾಡು. ಅಂಕಪಟ್ಟಿಯಲ್ಲಿ ಮನೆತನದ ಹೆಸರೂ ತಂದೆಯ ಹೆಸರೂ ಎರಡು ಇನಿಷಿಯಲ್ಲುಗಳಾಗಿ ಕುಗ್ಗಿರುತ್ತವೆ, ಪಾಸ್‌ಪೋರ್ಟಿನಲ್ಲಿ ಮನೆತನ ಪೂರ್ತಿಯಾಗಿ ಉಪನಾಮದ ಜಾಗದಲ್ಲಿ ಕೂತಿರುತ್ತದೆ. ಎರಡೂ ಒಬ್ಬರದೇ ಎಂದು ಛಾಪಾ ಕಾಗದದಲ್ಲಿ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆ, ಐನೂರರೊಳಗೆ ಮುಗಿಯಿತು. ಬಯೋಡೇಟಾದಲ್ಲಿ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಇಟ್ಟೆ, ಟ್ರೈನಿ ಎಂಬುದನ್ನೂ ಹಾಗೆಯೇ ಉಳಿಸಿಕೊಂಡೆ. ರೆಸಾರ್ಟಿನಿಂದ ಸೇರಿದ ಮತ್ತು ಬಿಟ್ಟ ದಿನಾಂಕಗಳೂ ಸಹಿ ಮಾಡಿದವರ ಫೋನ್ ಸಂಖ್ಯೆಯೂ ಇರುವ ಪತ್ರವನ್ನು ಲೆಟರ್‌ಹೆಡ್ಡಿನಲ್ಲಿ ಮತ್ತೆ ಬರೆಸಿದೆ.

ಮೂರನೆಯ ಸಂದರ್ಶನ ಜುಲೈಯಲ್ಲಿ ವಿಡಿಯೊ ಕರೆಯಲ್ಲಿ ನಡೆಯಿತು. ನಮ್ಮೂರಿನಲ್ಲಿ ಮೂರು ದಿನಗಳಿಂದ ಕರೆಂಟಿರಲಿಲ್ಲವಾದ್ದರಿಂದ ಕುಶಾಲನಗರದ ನೆಂಟರ ಮನೆಯಲ್ಲಿ ಕುಳಿತು ಮಾತಾಡಿದೆ. ಆಫರ್ ಲೆಟರ್ ಹತ್ತು ದಿನಗಳಲ್ಲಿ ಬಂತು. ಅದರಲ್ಲಿ ನನ್ನ ಹೆಸರೂ ಮನೆತನವೂ ಅದಲುಬದಲಾಗಿದ್ದವು. ಸಹಿ ಹಾಕದೆ ಪಾಸ್‌ಪೋರ್ಟಿನ ಪುಟವನ್ನು ಜೊತೆಗಿಟ್ಟು ಹಿಂದಕ್ಕೆ ಕಳುಹಿಸಿದೆ, ತಿದ್ದಿದ ಪತ್ರ ಎರಡೇ ದಿನಕ್ಕೆ ಬಂತು.