ಒಂದೇ ಸಂಕೀರ್ಣ, ಎರಡು ಫ್ಲಾಸ್ಕ್: ಡಿ-ಡಿ ಮತ್ತು ಚಾರ್ಜ್ ಟ್ರಾನ್ಸ್‌ಫರ್ ಬ್ಯಾಂಡ್‌ಗಳನ್ನು ನಾನು ಗುರುತಿಸುವ ಬಗೆ

ಮೋಲಾರ್ ಅಬ್ಸಾರ್ಪ್ಟಿವಿಟಿ, ಅಂದರೆ ε, ನೂರರೊಳಗಿದ್ದರೆ ಡಿ-ಡಿ ಬ್ಯಾಂಡ್, ಸಾವಿರ ದಾಟಿದರೆ ಚಾರ್ಜ್ ಟ್ರಾನ್ಸ್‌ಫರ್ ಬ್ಯಾಂಡ್. ಪರೀಕ್ಷೆಗೆ ಓದುವಾಗ ಎಲ್ಲರೂ ಬಾಯಿಪಾಠ ಮಾಡುವ ಸಾಲು ಇದು. ತಪ್ಪೇನಲ್ಲ. ಆದರೆ ಸ್ಪೆಕ್ಟ್ರೋಫೋಟೋಮೀಟರ್ ಮುಂದೆ ಕೂತಾಗ ಇಷ್ಟೇ ಸಾಲದು. ಈ ಎರಡು ಬಗೆಯ ಬ್ಯಾಂಡ್‌ಗಳನ್ನು ಅಳೆಯಲು ನಾನು ಮತ್ತೆ ಮತ್ತೆ ಆರಿಸಿಕೊಳ್ಳುವ ವಸ್ತು ಕ್ಲೋರೋಪೆಂಟಾಅಮೀನ್ ಕೋಬಾಲ್ಟ್(III) ಕ್ಲೋರೈಡ್, [Co(NH₃)₅Cl]Cl₂. ನೇರಳೆಗೆಂಪು ಬಣ್ಣದ ಪುಡಿ. ಮಾಡುವುದು ಸುಲಭ, ಕೆಡದೆ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಬಗೆಯ ಬ್ಯಾಂಡ್‌ಗಳು ಈ ಒಂದೇ ಅಯಾನಿನಲ್ಲಿ ಸಿಗುತ್ತವೆ.

ಇದರ ಅಣುತೂಕ 250.4. ನಾನು 0.0626 ಗ್ರಾಂ ತೂಗಿ, ತುಸು ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ, 25 ಮಿಲಿಲೀಟರ್ ವಾಲ್ಯೂಮೆಟ್ರಿಕ್ ಫ್ಲಾಸ್ಕಿನ ಗುರುತಿನವರೆಗೆ ತುಂಬುತ್ತೇನೆ. ಅದು 0.01 ಮೋಲಾರ್ ದ್ರಾವಣ. ಇದಕ್ಕಿಂತ ತುಂಬಾ ಗಾಢವಾಗಿ ಮಾಡಲು ಹೋದರೆ ಪುಡಿ ತಳದಲ್ಲೇ ಉಳಿಯುತ್ತದೆ, ಈ ಲವಣ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಬಿಸಿ ಮಾಡಿ ಕರಗಿಸುವ ಆಸೆಯನ್ನು ತಡೆದುಕೊಳ್ಳಬೇಕು. ನೀರು ಕ್ಲೋರೈಡನ್ನು ಹೊರದೂಡಿ ಅದರ ಜಾಗದಲ್ಲಿ ಕೂರುತ್ತದೆ. 25 ಡಿಗ್ರಿಯಲ್ಲಿ ಅರ್ಧದಷ್ಟು ಹಾಗಾಗಲು ನಾಲ್ಕೈದು ದಿನ ಬೇಕು, ಬಿಸಿಯಲ್ಲಿ ಬಹಳ ಬೇಗ ಆಗುತ್ತದೆ. ಹಾಗಾದ ದ್ರಾವಣದಲ್ಲಿ 534 ನ್ಯಾನೋಮೀಟರ್‌ನಲ್ಲಿ ಇರಬೇಕಾದ ಶಿಖರ 490ರ ಕಡೆಗೆ ಜಾರಿರುತ್ತದೆ. ನಿನ್ನೆಯ ದ್ರಾವಣವನ್ನು ಇವತ್ತು ಅಳೆಯದಿರಲು ಇದೇ ಕಾರಣ.

ಈ ಮೊದಲ ಫ್ಲಾಸ್ಕನ್ನು ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಅಳೆದರೆ 534ರಲ್ಲಿ ಅಬ್ಸಾರ್ಬೆನ್ಸ್ ಸುಮಾರು 0.50, 363ರಲ್ಲಿ ಸುಮಾರು 0.47. ಅಂದರೆ ε ಕ್ರಮವಾಗಿ 50 ಮತ್ತು 47. ಇವೆರಡೂ ಡಿ-ಡಿ ಬ್ಯಾಂಡ್‌ಗಳು. ಅದೇ ಕ್ಯುವೆಟ್‌ನಲ್ಲಿ 300ರಿಂದ ಕೆಳಗೆ ಇಳಿಯುತ್ತಿದ್ದಂತೆ ಗೆರೆ ಕಡಿದಾಗಿ ಏರಿ, ಉಪಕರಣದ ಮಿತಿ ಮುಟ್ಟಿ, ಮೇಲೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ತುದಿಯಲ್ಲಿ ಸಣ್ಣ ಸಣ್ಣ ಮುಳ್ಳುಗಳು ಕಾಣುತ್ತವೆ. ಸಾಫ್ಟ್‌ವೇರ್ ಅವುಗಳಿಗೂ ಶಿಖರವೆಂದು ಅಂಕಿ ಹಾಕಿಕೊಡುತ್ತದೆ. ಅವು ಶಿಖರಗಳಲ್ಲ. ಬೆಳಕು ಆಚೆ ತಲುಪುತ್ತಲೇ ಇಲ್ಲ, ಡಿಟೆಕ್ಟರ್‌ಗೆ ಬೀಳುತ್ತಿರುವುದು ಅಡ್ಡದಾರಿಯಿಂದ ಬಂದ ಬೆಳಕು ಮಾತ್ರ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ: 229 ನ್ಯಾನೋಮೀಟರ್‌ನಲ್ಲಿ ಈ ಅಯಾನಿನ ε ಸುಮಾರು 17,000. ಅದನ್ನು 0.01ರಿಂದ ಗುಣಿಸಿದರೆ ಅಬ್ಸಾರ್ಬೆನ್ಸ್ 170 ಬರಬೇಕು. ಅಂಥದ್ದನ್ನು ಅಳೆಯುವ ಉಪಕರಣ ಇಲ್ಲ.

ಎರಡನೆಯ ಫ್ಲಾಸ್ಕ್ ಬೇಕಾಗುವುದು ಇಲ್ಲಿ. ಮೊದಲನೆಯದರಿಂದ 1 ಮಿಲಿಲೀಟರ್ ಪಿಪೆಟ್ ಮಾಡಿ 100 ಮಿಲಿಲೀಟರ್‌ಗೆ ತುಂಬುತ್ತೇನೆ. ಕಣ್ಣಿಗೆ ಬಣ್ಣವೇ ಕಾಣದ ದ್ರಾವಣ ಅದು. 229ರಲ್ಲಿ 1.7ರ ಹತ್ತಿರ ಬರಬೇಕು. ಅದನ್ನು ಇನ್ನೊಮ್ಮೆ ಎರಡು ಪಟ್ಟು ತೆಳುಮಾಡಿ ಅಳೆಯುತ್ತೇನೆ, 0.85 ಬಂದರೆ ಅಂಕಿಯನ್ನು ನಂಬಬಹುದು. ತೆಳುಮಾಡಿದ್ದು 0.85 ಇದ್ದೂ ಗಾಢವಾದದ್ದು 1.5 ಮಾತ್ರ ತೋರಿಸಿದರೆ ಉಪಕರಣ ಆ ತರಂಗಾಂತರದಲ್ಲಿ ಸೋಲುತ್ತಿದೆ ಎಂದರ್ಥ. ಕ್ಯುವೆಟ್ ಸ್ಫಟಿಕಶಿಲೆಯದ್ದೇ, ಅಂದರೆ ಕ್ವಾರ್ಟ್ಜ್‌ನದ್ದೇ ಆಗಿರಬೇಕು. ಗಾಜು, ಪ್ಲಾಸ್ಟಿಕ್ ಎರಡೂ ಈ ತರಂಗಾಂತರದ ಬೆಳಕನ್ನು ತಾವೇ ನುಂಗುತ್ತವೆ. ಈ ಕೊನೆಯ ದ್ರಾವಣದಲ್ಲಿ 534ರ ಬ್ಯಾಂಡ್ ಹುಡುಕಿದರೆ 0.0025 ಇರಬೇಕು, ಅದು ಬೇಸ್‌ಲೈನಿನ ನಡುಕದಲ್ಲೇ ಕರಗಿಹೋಗಿರುತ್ತದೆ. ಒಂದು ಸ್ಪೆಕ್ಟ್ರಂ ತೆಗೆದು ಎರಡೂ ಬಗೆಯ ಬ್ಯಾಂಡ್ ನೋಡಿದೆ ಎನ್ನುವವರ ಮಾತನ್ನು ನಾನು ಸುಲಭಕ್ಕೆ ಒಪ್ಪದಿರುವುದು ಇದಕ್ಕೇ.

ಮುನ್ನೂರು ಪಟ್ಟಿಗೂ ಮಿಕ್ಕ ಈ ವ್ಯತ್ಯಾಸ ಏಕೆ? ಓಟೊ ಲಾಪೋರ್ಟ್ 1924ರಲ್ಲಿ ಕಬ್ಬಿಣದ ಪರಮಾಣು ರೋಹಿತದ ಗೆರೆಗಳನ್ನು ವಿಂಗಡಿಸುವಾಗ ಕಂಡ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಕೇಂದ್ರದ ಮೂಲಕ ಪ್ರತಿಯೊಂದು ಬಿಂದುವನ್ನೂ ಎದುರು ಬದಿಗೆ ಒಯ್ದರೆ ಡಿ ಕಕ್ಷಕದ ಚಿಹ್ನೆ ಬದಲಾಗುವುದಿಲ್ಲ. ಬೆಳಕು ಎಲೆಕ್ಟ್ರಾನನ್ನು ಹಿಡಿದೆಳೆಯುವ ದ್ವಿಧ್ರುವದ ಚಿಹ್ನೆ ಮಾತ್ರ ಬದಲಾಗುತ್ತದೆ. ಆರಂಭದ ಕಕ್ಷಕ, ದ್ವಿಧ್ರುವ, ಕೊನೆಯ ಕಕ್ಷಕ ಮೂರನ್ನೂ ಗುಣಿಸಿ ಎಲ್ಲ ಕಡೆ ಕೂಡಿಸಿದಾಗ, ಕೇಂದ್ರದ ಈಚೆಗೆ ಬಂದಷ್ಟೇ ಮೊತ್ತ ಆಚೆಗೆ ವಿರುದ್ಧ ಚಿಹ್ನೆಯಲ್ಲಿ ಬಂದು ಒಟ್ಟು ಸೊನ್ನೆಯಾಗುತ್ತದೆ. ಸಮಮಿತಿ ಕೇಂದ್ರವಿರುವ ಸಂಕೀರ್ಣದಲ್ಲಿ ಡಿಯಿಂದ ಡಿಗೆ ನೆಗೆಯುವುದು ನಿಷಿದ್ಧ ಎನ್ನುವುದು ಇಷ್ಟೇ.

ಪೂರ್ತಿ ಸೊನ್ನೆಯಾಗಿದ್ದರೆ ಬ್ಯಾಂಡೇ ಕಾಣಬಾರದಿತ್ತು. ಆದರೆ ಲಿಗ್ಯಾಂಡ್‌ಗಳು ಸದಾ ಕಂಪಿಸುತ್ತಿರುತ್ತವೆ. ಕೆಲವು ಕಂಪನಗಳು ಒಂದು ಬದಿಯನ್ನು ಇನ್ನೊಂದಕ್ಕಿಂತ ಬೇರೆ ಮಾಡಿ ಕೇಂದ್ರವನ್ನು ಕ್ಷಣಕಾಲ ಕೆಡಿಸುತ್ತವೆ. ಆಗ ಡಿ ಕಕ್ಷಕಕ್ಕೆ ಪಿ ಕಕ್ಷಕದ ಗುಣ ಚೂರು ಬೆರೆಯುತ್ತದೆ, ನೆಗೆತಕ್ಕೆ ಸಂದು ಸಿಗುತ್ತದೆ. [Co(NH₃)₆]³⁺ನಲ್ಲಿ 475ರ ಬ್ಯಾಂಡಿಗೆ ε ಐವತ್ತರ ಚಿಲ್ಲರೆ ಇರುವುದು ಹೀಗೆ. ಇಂಥ ಬ್ಯಾಂಡ್ ತಂಪುಮಾಡಿದಾಗ ಕುಗ್ಗುತ್ತದೆ, ಏಕೆಂದರೆ ಕಂಪನ ಕಡಿಮೆಯಾಗುತ್ತದೆ.

ಇಲ್ಲೊಂದು ತೊಡಕು ಉಂಟು. ನಮ್ಮ ಕ್ಲೋರೋ ಸಂಕೀರ್ಣದಲ್ಲಿ ಒಂದು ತುದಿಗೆ ಕ್ಲೋರಿನ್, ಎದುರಿಗೆ ಅಮೋನಿಯಾ. ಸಮಮಿತಿ ಕೇಂದ್ರ ಎಂಬುದೇ ಇಲ್ಲ. ಹಾಗಾದರೆ ನಿಷೇಧ ಬಿದ್ದುಹೋಗಿ ε ಜಿಗಿಯಬೇಕಿತ್ತಲ್ಲ? ಜಿಗಿಯುವುದಿಲ್ಲ, ಹೆಕ್ಸಾಅಮೀನಿನ ಮಟ್ಟದಲ್ಲೇ ಇರುತ್ತದೆ. ಕಾಗದದ ಮೇಲೆ ಕೇಂದ್ರ ಹೋದರೂ ಲೋಹದ ಡಿ ಎಲೆಕ್ಟ್ರಾನ್‌ಗಳಿಗೆ ಸುತ್ತಲಿನ ಪರಿಸರ ಬಹುಪಾಲು ಮೊದಲಿನಂತೆಯೇ ಕಾಣುತ್ತದೆ. ನಿಯಮ ಇರುವುದು, ಇಲ್ಲದಿರುವುದು ಎಂಬ ಎರಡೇ ಸ್ಥಿತಿ ಅಲ್ಲ. ಕೇಂದ್ರ ಎಷ್ಟು ಕೆಟ್ಟಿದೆ ಎಂಬುದರ ಮೇಲೆ ತೀವ್ರತೆ ಏರುತ್ತದೆ. ಎಥಿಲೀನ್ ಡೈಅಮೀನಿನ [Co(en)₂Cl₂]⁺ನಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಹಸಿರು ಟ್ರಾನ್ಸ್ ರೂಪಕ್ಕಿಂತ ನೇರಳೆ ಸಿಸ್ ರೂಪದ ಡಿ-ಡಿ ಬ್ಯಾಂಡ್ ದುಪ್ಪಟ್ಟಿಗೂ ಹೆಚ್ಚು ತೀವ್ರ.

229ರ ಬ್ಯಾಂಡ್ ಬೇರೆಯದೇ ಜಾತಿ. ಅಲ್ಲಿ ಎಲೆಕ್ಟ್ರಾನ್ ಹೊರಡುವುದು ಕ್ಲೋರೈಡಿನ ಪಿ ಕಕ್ಷಕದಿಂದ, ಸೇರುವುದು ಕೋಬಾಲ್ಟಿನ ಖಾಲಿ ಡಿ ಕಕ್ಷಕವನ್ನು. ಪಿಯಿಂದ ಡಿಗೆ ಹೋಗಲು ಲಾಪೋರ್ಟ್ ನಿಯಮ ಅಡ್ಡಬರುವುದಿಲ್ಲ. ಅದರ ಮೇಲೆ ಚಾರ್ಜ್ ಒಂದು ಬಂಧದ ಉದ್ದಕ್ಕೂ ಸರಿಯುತ್ತದೆ, ಹಾಗಾಗಿ ದ್ವಿಧ್ರುವವೂ ದೊಡ್ಡದು.

ಈಗ ε ಒಂದನ್ನೇ ನಂಬಿದರೆ ಏನಾಗುತ್ತದೆ ನೋಡಿ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಬ್ಬಿಣ(III)ರ ಸುಳಿವಿದ್ದರೆ ಅದು ಹಳದಿಯಾಗಿರುತ್ತದೆ; ಆ ಹಳದಿಯೂ ಚಾರ್ಜ್ ಟ್ರಾನ್ಸ್‌ಫರ್‌ನದ್ದೇ. ಅಂಥ ಯಾವುದೋ ಕಲಬೆರಕೆ, 363ರ ಹತ್ತಿರ ε 5000 ಇರುವಂಥದ್ದು, ನೂರಕ್ಕೆ ಒಂದು ಮೋಲಿನಷ್ಟು ಪುಡಿಯಲ್ಲಿ ಉಳಿದಿದೆ ಎನ್ನಿ. ಅದು ಅಲ್ಲಿ ಕೂಡಿಸುವುದು 5000ದ ನೂರನೇ ಒಂದು ಭಾಗ, ಅಂದರೆ 50. ನಮ್ಮ ನಿಜವಾದ 47ರ ಬ್ಯಾಂಡ್ ಎರಡರಷ್ಟಾಗಿ 97 ಎಂದು ಕಾಣುತ್ತದೆ. ನೂರರೊಳಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ! ಆದ್ದರಿಂದ ನಾನು ಒಂಟಿ ಅಂಕಿಗಿಂತ ಎರಡು ಬ್ಯಾಂಡ್‌ಗಳ ಅನುಪಾತವನ್ನು ನೋಡುತ್ತೇನೆ. 363ರದ್ದನ್ನು 534ರದ್ದರಿಂದ ಭಾಗಿಸಿದರೆ 0.94ರ ಆಸುಪಾಸು ಇರಬೇಕು. ಒಂದನ್ನು ಮೀರಿದರೆ ಪುಡಿಯನ್ನು ಮತ್ತೆ ಹರಳುಗಟ್ಟಿಸಿ ಅಳೆಯುತ್ತೇನೆ. ಅನುಪಾತ ಇಳಿದರೆ ಕಲಬೆರಕೆ ಇತ್ತು. ಸಂಕೀರ್ಣದ ಸ್ವಂತ ಬ್ಯಾಂಡ್ ಆಗಿದ್ದರೆ ಎಷ್ಟು ಸಲ ಹರಳುಗಟ್ಟಿಸಿದರೂ ಅಲ್ಲಾಡುವುದಿಲ್ಲ.

ಜಾತಿ ಖಚಿತವಾಗಬೇಕಾದರೆ ಲಿಗ್ಯಾಂಡನ್ನು ಬದಲಿಸಿ ನೋಡುವುದೇ ಸರಿ. ಕ್ಲೋರೈಡಿನ ಜಾಗಕ್ಕೆ ಬ್ರೋಮೈಡ್, ಆಮೇಲೆ ಅಯೊಡೈಡ್. ಡಿ-ಡಿ ಬ್ಯಾಂಡ್ 534ರಿಂದ 550ಕ್ಕೆ, ಅಲ್ಲಿಂದ 580ರ ಹತ್ತಿರಕ್ಕೆ ಮೆಲ್ಲಗೆ ಸರಿಯುತ್ತದೆ. ತೀವ್ರವಾದ ಬ್ಯಾಂಡ್ 229ರಿಂದ 253ಕ್ಕೆ, 287ಕ್ಕೆ ಹಾರುತ್ತದೆ. ನ್ಯಾನೋಮೀಟರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದು ಮೋಸ. ಶಕ್ತಿಗೆ, ಅಂದರೆ ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕಕ್ಕೆ ಬದಲಿಸಿ: ಡಿ-ಡಿ ಇಳಿದದ್ದು ಸುಮಾರು 1,500, ಇನ್ನೊಂದು ಇಳಿದದ್ದು ಸುಮಾರು 8,800. ಎಲೆಕ್ಟ್ರಾನ್ ಬಿಟ್ಟುಕೊಡಲು ಕ್ಲೋರೈಡಿಗಿಂತ ಅಯೊಡೈಡ್ ಎಷ್ಟೋ ಸಲೀಸು; ಬ್ಯಾಂಡಿನ ಶಕ್ತಿ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅಯೊಡೋ ಸಂಕೀರ್ಣದಲ್ಲಿ 383ರಲ್ಲಿ ε 2,700ರಷ್ಟಿರುವ ಇನ್ನೊಂದು ಚಾರ್ಜ್ ಟ್ರಾನ್ಸ್‌ಫರ್ ಬ್ಯಾಂಡ್ ಬಂದು ಎರಡನೆಯ ಡಿ-ಡಿ ಬ್ಯಾಂಡನ್ನು ಪೂರ್ತಿ ಮುಚ್ಚಿಬಿಡುತ್ತದೆ. ಒಂದು ಎಚ್ಚರಿಕೆ: ಇದನ್ನು ಅಯೊಡೈಡ್ ಲವಣವಾಗಿ ಅಳೆಯಬೇಡಿ. ಹೊರಗಿನ ಅಯೊಡೈಡ್ ಅಯಾನು ತಾನೇ 226ರಲ್ಲಿ ಬಲವಾಗಿ ಹೀರುತ್ತದೆ. ನೈಟ್ರೇಟ್ ಲವಣವಾದರೆ 287ರಲ್ಲಿ ತೊಂದರೆಯಿಲ್ಲ.

ಇನ್ನೂ ಒಂದು ಪರೀಕ್ಷೆ ನನಗೆ ಇಷ್ಟ. ಚಾರ್ಜ್ ನಿಜವಾಗಿಯೂ ವರ್ಗವಾಗುತ್ತಿದ್ದರೆ ಆ ಬ್ಯಾಂಡಿನ ಬೆಳಕು ಬೀರಿದಾಗ ಕೋಬಾಲ್ಟ್(III) ಕೋಬಾಲ್ಟ್(II) ಆಗಬೇಕು. ಅಯೊಡೋ ಸಂಕೀರ್ಣಕ್ಕೆ ಅತಿನೇರಳೆ ಬೆಳಕು ಕೊಟ್ಟರೆ ಹಾಗೇ ಆಗುತ್ತದೆ. ಡಿ-ಡಿ ಬ್ಯಾಂಡಿನ ಕಡೆಯ ಬೆಳಕಿಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಬೆಳಕು ಕಂಡ ದ್ರಾವಣಕ್ಕೆ ಅಮೋನಿಯಂ ಥಯೋಸೈನೇಟ್ ಮತ್ತು ಸಾಕಷ್ಟು ಅಸಿಟೋನ್ ಹಾಕಿದರೆ ನೀಲಿ ಬಣ್ಣ ಬಂದು ಕೋಬಾಲ್ಟ್(II) ಇರುವುದನ್ನು ತೋರಿಸುತ್ತದೆ. ಕತ್ತಲಲ್ಲಿಟ್ಟ ಅರ್ಧಕ್ಕೂ ಇದನ್ನೇ ಮಾಡಿ ಹೋಲಿಸಬೇಕು. ಆ ನೀಲಿ [Co(NCS)₄]²⁻ನದ್ದು. 620ರ ಆಚೀಚೆ ಅದರ ε ಸಾವಿರವನ್ನು ಚೆನ್ನಾಗಿಯೇ ದಾಟುತ್ತದೆ. ಅಷ್ಟಿದ್ದೂ ಅದು ಡಿ-ಡಿ ಬ್ಯಾಂಡ್: ಚತುರ್ಮುಖಿ ರಚನೆಗೆ ಸಮಮಿತಿ ಕೇಂದ್ರ ಹುಟ್ಟಿನಿಂದಲೇ ಇಲ್ಲ, ಡಿಗೆ ಪಿ ಧಾರಾಳವಾಗಿ ಬೆರೆಯುತ್ತದೆ.