ವಾಲ್ವ್ ತೆರೆಯುವ ಮೊದಲು ಬಾಟಲಿ ನೋಡಿ: ಸೆಪ್ಟಿಕ್ ಟ್ಯಾಂಕಿನ ಕೆಸರು ಒಣಗಿಸುವ ನನ್ನ ಅನುಭವ

ಹಾವೇರಿ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಹೊರಗೆ ಸೆಪ್ಟಿಕ್ ಟ್ಯಾಂಕಿನ ಕೆಸರು ಒಣಗಿಸುವ ಘಟಕವನ್ನು ನಾನು ನೋಡಿಕೊಳ್ಳುತ್ತೇನೆ. ಸಕ್ಕಿಂಗ್ ಟ್ಯಾಂಕರ್ ಮನೆಗಳಿಂದ ಎಳೆದು ತಂದದ್ದನ್ನು ಉಸುಕಿನ ಬೆಡ್ ಮೇಲೆ ಬಿಡುತ್ತೇವೆ. ನೀರು ಉಸುಕಿನೊಳಗೆ ಇಳಿದು ಹೋಗುತ್ತದೆ, ಮೇಲೆ ಉಳಿದ ಕೆಸರು ಬಿಸಿಲು ಗಾಳಿಗೆ ಒಣಗುತ್ತದೆ. ಕೆಲಸ ಇಷ್ಟೇ. ಆದರೆ ಅದೇ ಬೆಡ್ ಒಮ್ಮೆ ಎರಡು ವಾರದಲ್ಲಿ ಒಣಗಿದರೆ, ಇನ್ನೊಮ್ಮೆ ತಿಂಗಳು ಕಳೆದರೂ ಹಸಿಯಾಗಿಯೇ ಇರುತ್ತದೆ. ಇದಕ್ಕೆ ಕಾರಣ ಹೆಚ್ಚಾಗಿ ಟ್ಯಾಂಕರಿನೊಳಗೇ ಇರುತ್ತದೆ. ಅದನ್ನು ಮೊದಲೇ ಹೇಗೆ ಗುರುತಿಸುತ್ತೇವೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆಡ್ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಒಂದು ಬೆಡ್ 5 ಮೀಟರ್ ಉದ್ದ, 4 ಮೀಟರ್ ಅಗಲ. ತಳದಲ್ಲಿ ತೂತು ಇರುವ ಪೈಪು, ಅದರ ಸುತ್ತ ದಪ್ಪ ಖಡಿ, ಅದರ ಮೇಲೆ ಸಣ್ಣ ಖಡಿ, ಎಲ್ಲಕ್ಕಿಂತ ಮೇಲೆ ಸುಮಾರು 20 ಸೆಂಟಿಮೀಟರ್ ತೊಳೆದ ಉಸುಕು. ಈ ತೊಳೆಯುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ರಷರಿನಿಂದ ಬಂದ ಎಂ-ಸ್ಯಾಂಡನ್ನು ಹಾಗೆಯೇ ಹಾಕಿದರೆ ಅದರ ಪುಡಿ ಕೆಳಗಿಳಿದು ಗಟ್ಟಿ ಪದರವಾಗುತ್ತದೆ, ನೀರಿಗೆ ದಾರಿ ಇರುವುದಿಲ್ಲ. ನಾವು ಗಾಜಿನ ಬಾಟಲಿಯಲ್ಲಿ ಉಸುಕು ಮತ್ತು ನೀರು ಹಾಕಿ ಅಲುಗಾಡಿಸಿ ಇಡುತ್ತೇವೆ. ಮೇಲಿನ ನೀರು ಬೇಗ ತಿಳಿಯಾದರೆ ಉಸುಕು ಸರಿ ಇದೆ. ಕಲಕಾಗಿಯೇ ಉಳಿದರೆ ಇನ್ನೊಮ್ಮೆ ತೊಳೆಯಬೇಕು.

ಈ ಬೆಡ್ ಮೇಲೆ 4,000 ಲೀಟರಿನ ಒಂದು ಟ್ಯಾಂಕರ್ ಬಿಟ್ಟರೆ ಕೆಸರು 20 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಅದಕ್ಕಿಂತ ಜಾಸ್ತಿ ನಾವು ಬಿಡುವುದಿಲ್ಲ. ಹಳೆಯ ಸೆಪ್ಟಿಕ್ ಟ್ಯಾಂಕಿನ ಕೆಸರಿನಲ್ಲಿ ಗಟ್ಟಿ ಪದಾರ್ಥ ನೂರಕ್ಕೆ ಎರಡು ಪಾಲು ಅಂತ ಹಿಡಿದರೆ, ಆ ನಾಲ್ಕು ಸಾವಿರ ಲೀಟರಿನಲ್ಲಿ ಒಣ ತೂಕ ಸುಮಾರು 80 ಕಿಲೋ ಮಾತ್ರ. ಉಳಿದದ್ದೆಲ್ಲ ನೀರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಮೊದಲ ಎರಡು ಮೂರು ದಿನದಲ್ಲೇ ಉಸುಕಿನ ಮೂಲಕ ಇಳಿದು ಹೋಗಬೇಕು. ಬಿಸಿಲಿನ ಕೆಲಸ ಶುರುವಾಗುವುದು ಅದರ ನಂತರ. ಆ ಎರಡು ಮೂರು ದಿನದಲ್ಲಿ ಇಳಿಯದ ನೀರು ಆಮೇಲೂ ಸುಲಭವಾಗಿ ಇಳಿಯುವುದಿಲ್ಲ. ಮೇಲೆ ತೆಳು ಪೊರೆ ಕಟ್ಟಿ, ಒಳಗೆ ಹಸಿ ಹಾಗೇ ಉಳಿಯುತ್ತದೆ.

ಇಲ್ಲಿ ಕೆಸರಿನ ವಯಸ್ಸು ಮುಖ್ಯ. ಮನೆಯ ಟ್ಯಾಂಕಿನಲ್ಲಿ ಎರಡು ಮೂರು ವರ್ಷ ಕೊಳೆತ ಕೆಸರು ಕಪ್ಪಗಿರುತ್ತದೆ, ವಾಸನೆ ಕಡಿಮೆ, ನೀರನ್ನು ಬೇಗ ಬಿಟ್ಟುಕೊಡುತ್ತದೆ. ಜಾತ್ರೆಗೆ ಇಟ್ಟ ತಾತ್ಕಾಲಿಕ ಶೌಚಾಲಯ, ಬಸ್ ನಿಲ್ದಾಣದ ಶೌಚಾಲಯ, ಮದುವೆ ಸೀಸನ್ನಿನ ಕಲ್ಯಾಣ ಮಂಟಪ, ಇಲ್ಲೆಲ್ಲ ಗುಂಡಿ ಬೇಗ ತುಂಬಿ ಬೇಗ ಖಾಲಿಯಾಗುತ್ತದೆ. ಆ ಕೆಸರಿಗೆ ಕೊಳೆಯಲು ಸಮಯವೇ ಸಿಕ್ಕಿರುವುದಿಲ್ಲ. ಹಳದಿ ಕಂದು ಬಣ್ಣ, ಮೂಗಿಗೆ ಹೊಡೆಯುವ ವಾಸನೆ, ಮುಟ್ಟಿದರೆ ಲೋಳೆ. ಆ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಸುಕಿನ ಸಂದುಗಳನ್ನೂ ಮುಚ್ಚುತ್ತದೆ.

ಹಾಗಾಗಿ ಟ್ಯಾಂಕರ್ ಗೇಟಿಗೆ ಬಂದ ಕೂಡಲೇ ಡ್ರೈವರನ್ನು ಎರಡು ಮಾತು ಕೇಳುತ್ತೇವೆ. ಎಲ್ಲಿಂದ ತಂದದ್ದು? ಹಿಂದೆ ಖಾಲಿ ಮಾಡಿಸಿದ್ದು ಯಾವಾಗ? ಆಮೇಲೆ ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಕೆಸರು ಹಿಡಿದು ಅರ್ಧ ಗಂಟೆ ಅಲುಗಾಡದಂತೆ ಇಡುತ್ತೇವೆ. ಕೆಸರು ಕೆಳಗೆ ಕುಳಿತು, ಮೇಲೆ ನೀರಿನ ಗೆರೆ ಸ್ಪಷ್ಟವಾಗಿ ಕಂಡರೆ ನೇರವಾಗಿ ಬೆಡ್‌ಗೆ ಬಿಡುತ್ತೇವೆ. ಗೆರೆಯೇ ಕಾಣದೆ, ಇಡೀ ಬಾಟಲಿ ಒಂದೇ ಬಣ್ಣ ಇದ್ದು ಗುಳ್ಳೆ ಏಳುತ್ತಿದ್ದರೆ ಅದು ಇನ್ನೂ ಕೊಳೆಯದ ಹಸಿ ಕೆಸರು. ಮೇಲೆ ಜಿಡ್ಡು ತೇಲಿದರೆ ಹೋಟೆಲಿನ ಅಡುಗೆಮನೆಯ ಎಣ್ಣೆ ಸೇರಿದೆ ಎಂದರ್ಥ. ಆ ಟ್ಯಾಂಕರನ್ನು ನಾವು ಬೆಡ್ ಹತ್ತಿರ ಬಿಡುವುದೇ ಇಲ್ಲ. ಎಣ್ಣೆ ಒಮ್ಮೆ ಉಸುಕಿಗೆ ಹಿಡಿದರೆ ಮೇಲಿನ ಉಸುಕನ್ನೇ ತೆಗೆದು ಎಸೆಯಬೇಕಾಗುತ್ತದೆ.

ಹಸಿ ಕೆಸರಿಗೆ ನಮ್ಮಲ್ಲಿ ಎರಡು ದಾರಿ ಇವೆ. ಮುಚ್ಚಿದ ತೊಟ್ಟಿಯಲ್ಲಿ ಕೆಲವು ವಾರ ಕೊಳೆಯಲು ಬಿಡುವುದು ಒಂದು. ತೊಟ್ಟಿ ತುಂಬಿದ್ದರೆ, ಒಂದು ಪಾಲು ಹಸಿ ಕೆಸರಿಗೆ ಮೂರು ಪಾಲು ಹಳೆಯ ಕೆಸರು ಬೆರೆಸಿ ಬಿಡುವುದು ಇನ್ನೊಂದು. ಬೆರೆಸಿದ ಮೇಲೆ ಮತ್ತೆ ಬಾಟಲಿ ಪರೀಕ್ಷೆ ಮಾಡುತ್ತೇವೆ. ಗೆರೆ ಬಂದರೆ ಮಾತ್ರ ವಾಲ್ವ್ ತೆರೆಯುತ್ತೇವೆ.

ಒಂದು ಪ್ರಸಂಗ ಹೇಳುತ್ತೇನೆ. ಮದುವೆ ಸೀಸನ್ನಿನಲ್ಲಿ ಒಬ್ಬ ಡ್ರೈವರ್ ರಾತ್ರಿ ಬಂದು ಕಲ್ಯಾಣ ಮಂಟಪದ ಲೋಡನ್ನು ನೇರವಾಗಿ ಬೆಡ್‌ಗೆ ಬಿಟ್ಟು ಹೋಗಿದ್ದ. ಬೆಳಿಗ್ಗೆ ನೋಡಿದರೆ ತಳದ ಪೈಪಿನಿಂದ ನೀರು ಹನಿ ಹನಿಯಾಗಿ ಬರುತ್ತಿತ್ತು. ಒಳ್ಳೆಯ ಬೆಡ್‌ನಲ್ಲಿ ಮೊದಲ ದಿನ ಆ ಪೈಪು ಧಾರೆಯಾಗಿ ಹರಿಯಬೇಕು. ನಾಲ್ಕನೇ ದಿನ ಕೋಲು ಇಳಿಸಿ ನೋಡಿದರೆ ಎತ್ತರ ಮೂರು ನಾಲ್ಕು ಬೆರಳೂ ಇಳಿದಿರಲಿಲ್ಲ. ಮೇಲೆ ಬಿಳಿ ನೊರೆ, ಸುತ್ತ ನೊಣ. ಹೊಸ ಹುಡುಗನೊಬ್ಬ ಸಲಿಕೆಯಿಂದ ಕಲಕಲು ಹೋದ. ಅವನನ್ನು ತಡೆದೆ. ಕಲಕಿದರೆ ಲೋಳೆ ಇನ್ನೂ ಆಳಕ್ಕೆ ಉಸುಕಿನೊಳಗೆ ಸೇರುತ್ತದೆ. ನಾವು ಸಣ್ಣ ಪಂಪಿನಿಂದ ಮೇಲಿನದ್ದನ್ನು ತೆಗೆದು ತೊಟ್ಟಿಗೆ ಹಾಕಿದೆವು. ತಳದಲ್ಲಿ ಉಳಿದ ತೆಳು ಪದರವನ್ನು ಬಿಸಿಲಿಗೆ ಬಿಟ್ಟೆವು. ಅದು ಬಿರುಕು ಬಿಟ್ಟು ಸುರುಳಿಯಾದ ಮೇಲೆ, ಅದರ ಜೊತೆ ಮೇಲಿನ ಎರಡು ಬೆರಳು ಉಸುಕನ್ನೂ ಕೆರೆದು ತೆಗೆದು, ಅಷ್ಟೇ ಹೊಸ ಉಸುಕು ಹಾಕಿದೆವು. ಮುಂದಿನ ಲೋಡಿಗೆ ಪೈಪು ಮತ್ತೆ ಧಾರೆಯಾಗಿ ಹರಿಯಿತು. ಅಂದಿನಿಂದ ವಾಲ್ವಿಗೆ ಬೀಗ ಇದೆ.

ಅಪಾರ್ಟ್‌ಮೆಂಟುಗಳ ಸಣ್ಣ ಎಸ್‌ಟಿಪಿಯಿಂದ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಿಂದ, ಬರುವ ಕೆಸರೇ ಬೇರೆ. ಹುಬ್ಬಳ್ಳಿ ಕಡೆ ನಮ್ಮಂಥ ಒಣಗಿಸುವ ಘಟಕ ನಡೆಸುವ ಗೆಳೆಯರೂ ಇದನ್ನೇ ಹೇಳುತ್ತಾರೆ. ಅದು ತಿಳಿ ಕಂದು, ವಾಸನೆ ಮಣ್ಣಿನ ಹಾಗೆ, ನೋಡಲು ಚೆನ್ನಾಗಿಯೇ ಕಾಣುತ್ತದೆ. ಆದರೆ ಹತ್ತಿಯಂತೆ ಹಗುರ. ಗಟ್ಟಿ ಪದಾರ್ಥ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ನೀರನ್ನು ಬಿಡಲು ಒಪ್ಪುವುದಿಲ್ಲ. ಅದನ್ನು ಮೊದಲು ತೊಟ್ಟಿಯಲ್ಲಿ ಒಂದು ದಿನ ಇಳಿಸಿ, ಮೇಲಿನ ನೀರನ್ನು ಎಸ್‌ಟಿಪಿಗೇ ವಾಪಸ್ ಕಳಿಸಿ, ಕೆಳಗಿನ ದಪ್ಪ ಕೆಸರನ್ನಷ್ಟೇ ತೆಳುವಾಗಿ ಬೆಡ್‌ಗೆ ಬಿಡಬೇಕು. ಅರ್ಧ ಎತ್ತರ ಸಾಕು.

ಇನ್ನು ಮಳೆಗಾಲ. ನಮ್ಮ ಕಡೆ ಎರಿ ಮಣ್ಣಿನ ಓಣಿಗಳಲ್ಲಿ ಸೆಪ್ಟಿಕ್ ಟ್ಯಾಂಕಿನಿಂದ ಹೊರಬಂದ ನೀರು ಇಂಗುವುದಿಲ್ಲ. ಎರಿ ಮಣ್ಣು ನೆನೆದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಇಂಗುಗುಂಡಿ ತುಂಬಿ ನಿಲ್ಲುತ್ತದೆ, ಟ್ಯಾಂಕು ಉಕ್ಕುತ್ತದೆ. ಜನ ಗಾಬರಿಯಾಗಿ ಸಕ್ಕಿಂಗ್ ಗಾಡಿ ಕರೆಸುತ್ತಾರೆ. ಆಗ ಬರುವ ಲೋಡಿನಲ್ಲಿ ಹೆಚ್ಚಿನ ಪಾಲು ಬರೀ ನೀರು. ಮಸಾರಿ ನೆಲದ ಓಣಿಗಳಿಂದ ಇಂಥ ಕರೆ ಕಡಿಮೆ. ಒಣಗುವುದು ನಿಧಾನವಾಗುವ ದಿನಗಳಲ್ಲೇ ಲೋಡು ಜಾಸ್ತಿ ಬರುತ್ತದೆ. ಅದಕ್ಕೇ ಬೆಡ್‌ಗಳ ಮೇಲೆ ಬೆಳಕು ಬಿಡುವ ಶೀಟು ಹಾಕಿಸಿದ್ದೇವೆ. ನಾಲ್ಕೂ ಬದಿ ತೆರೆದಿವೆ, ಏಕೆಂದರೆ ಮಳೆ ತಡೆದರಷ್ಟೇ ಸಾಲದು, ಗಾಳಿ ಆಡಬೇಕು. ಹಾಗಿದ್ದರೂ ಜುಲೈನಲ್ಲಿ ಒಂದು ಬೆಡ್‌ಗೆ ತಿಂಗಳು ಹಿಡಿಯುತ್ತದೆ. ಹಾಗಾಗಿ ಮೇ ಮುಗಿಯುವುದರೊಳಗೆ ತೊಟ್ಟಿ ಖಾಲಿ ಇಟ್ಟುಕೊಳ್ಳುತ್ತೇವೆ. ಮನೆಯವರಿಗೂ ಅದನ್ನೇ ಹೇಳುತ್ತೇನೆ: ಟ್ಯಾಂಕು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ, ಬೇಸಿಗೆಯಲ್ಲಿ ಮಾಡಿಸಿ.

ಪೈಪಿನಿಂದ ಇಳಿದ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ಅದನ್ನು ಕೋಣೆ ಕೋಣೆಯಾಗಿ ಕಟ್ಟಿದ ತೊಟ್ಟಿಗೆ, ಅಲ್ಲಿಂದ ಕಾಬಾಳೆ ನೆಟ್ಟ ಖಡಿ ಮಡಿಗೆ ಹರಿಸುತ್ತೇವೆ. ಆ ನೀರು ಘಟಕದ ಮರಗಳಿಗೆ ಮಾತ್ರ.

ಯಾರೇ ಇರಲಿ, ಟ್ಯಾಂಕಿಗೆ ಇಳಿಯಬಾರದು. ಒಳಗಿನ ವಿಷಾನಿಲ ಜಾಸ್ತಿಯಾದಾಗ ಮೂಗೇ ಮರಗಟ್ಟುತ್ತದೆ, ವಾಸನೆ ಇಲ್ಲ ಅನ್ನಿಸುತ್ತದೆ, ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ರಕ್ಷಣಾ ಸಾಧನ ಕೊಡದೆ ಟ್ಯಾಂಕ್ ಸ್ವಚ್ಛಕ್ಕೆ ಜನರನ್ನು ಹಚ್ಚುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ನಮ್ಮಲ್ಲಿ ತಳದ ಗಟ್ಟಿ ಕೆಸರಿಗೆ ಮೇಲಿಂದಲೇ ನೀರು ಹೊಡೆದು, ಪೈಪಿನಿಂದಲೇ ಎಳೆಯುತ್ತೇವೆ.

ಒಣಗಿದ ಕೆಸರನ್ನು ಯಾವಾಗ ತೆಗೆಯಬೇಕು? ಬಿರುಕು ಉಸುಕಿನವರೆಗೆ ಇಳಿದಿರಬೇಕು, ಸಲಿಕೆ ಹಾಕಿದರೆ ಹೆಂಟೆಯಾಗಿ ಏಳಬೇಕು, ಉಸುಕು ಅಂಟಿಕೊಂಡು ಬರಬಾರದು. 20 ಸೆಂಟಿಮೀಟರ್ ನಿಂತಿದ್ದ ಕೆಸರು ಕೊನೆಗೆ ಬೆರಳು ದಪ್ಪದ ಪದರವಾಗಿರುತ್ತದೆ, ಅಷ್ಟೇ.

ಇದನ್ನು ನೋಡಿದ ಕೂಡಲೇ ರೈತರು ಕೇಳುತ್ತಾರೆ. ಒಬ್ಬ ಹಿರಿಯರು ಟ್ರ್ಯಾಕ್ಟರ್ ತಂದು ನಿಲ್ಲಿಸಿ, "ಒಣಗೇತಲ್ರಿ, ಈಗ ಹೊಲಕ್ಕ ಹೊಡದ್ರ ಏನಾಗ್ತೇತಿ?" ಅಂದರು. "ಯಜಮಾನ್ರ, ಜಂತುಹುಳದ ತತ್ತಿ ಇನ್ನೂ ಜೀವಂತ ಇರ್ತಾವ್ರಿ. ಬರಿಗಾಲಲ್ಲಿ ಕೆಲಸ ಮಾಡೋ ಹೆಣ್ಮಕ್ಕಳಿಗೆ, ಮಕ್ಕಳಿಗೆ ತೊಂದ್ರಿ ಆಗ್ತೇತಿ" ಅಂದೆ. ಅವರು ಗಾಡಿ ಖಾಲಿ ಒಯ್ದರು, ಮುಂದೆ ಗೊಬ್ಬರ ಆದಾಗ ಬಂದರು.

ತತ್ತಿ ಸಾಯಬೇಕಾದರೆ ಬಿಸಿ ಬೇಕು, ಇಲ್ಲವೇ ಸಮಯ ಬೇಕು. ಮಳೆ ತಾಗದ ಕಡೆ ಒಂದು ವರ್ಷಕ್ಕಿಂತ ಹೆಚ್ಚು ಕೂಡಿಡುವುದು ಸುಲಭದ ದಾರಿ. ನಮಗೆ ಅಷ್ಟು ಜಾಗ ಇಲ್ಲ. ಹಾಗಾಗಿ ಒಂದು ಪಾಲು ಒಣ ಕೆಸರಿಗೆ ಮೂರು ಪಾಲು ಕತ್ತರಿಸಿದ ಗೋವಿನಜೋಳದ ದಂಟು, ತರಕಾರಿ ಕಸ ಬೆರೆಸಿ, ಎದೆಯೆತ್ತರದ ರಾಶಿ ಹಾಕುತ್ತೇವೆ. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಕೆಲವೇ ದಿನದಲ್ಲಿ ರಾಶಿಯ ನಡುವೆ 55 ಡಿಗ್ರಿ ದಾಟಬೇಕು. ಉದ್ದ ಥರ್ಮಾಮೀಟರ್ ಇಟ್ಟು ದಿನಾ ಬರೆದುಕೊಳ್ಳುತ್ತೇವೆ. ಬಿಸಿ ಏರದಿದ್ದರೆ ರಾಶಿ ಸಣ್ಣದಾಗಿದೆ, ಇಲ್ಲವೇ ತೀರಾ ಒದ್ದೆಯಾಗಿದೆ. ಹೊರಗಿನ ಮೈ ತಣ್ಣಗಿರುತ್ತದೆ, ಅಲ್ಲಿನ ತತ್ತಿ ಉಳಿದುಬಿಡುತ್ತದೆ. ಅದಕ್ಕೆ ಹೊರಗಿನದ್ದು ಒಳಗೆ ಹೋಗುವಂತೆ ಮಗುಚಲೇಬೇಕು. ಪ್ರತಿ ಮಗುಚಿದ ಮೇಲೂ ಬಿಸಿ ಮತ್ತೆ ಏರಿ ಕೆಲವು ದಿನ ನಿಲ್ಲಬೇಕು. ನಂತರ ಎರಡು ಮೂರು ತಿಂಗಳು ಹಣ್ಣಾಗಲು ಬಿಡುತ್ತೇವೆ.

ಈ ಗೊಬ್ಬರವನ್ನು ಗೋವಿನಜೋಳಕ್ಕೆ, ಹತ್ತಿಗೆ, ಬದುವಿನ ಗಿಡಗಳಿಗೆ ಕೊಡುತ್ತೇವೆ. ಮೂಲಂಗಿ, ಸೌತೆ, ಸೊಪ್ಪಿಗೆ ಕೊಡುವುದಿಲ್ಲ. ಗ್ಯಾರೇಜು, ಕಾರ್ಖಾನೆಯ ಗುಂಡಿಯಿಂದ ಬಂದ ಲೋಡು ಬೆಡ್‌ಗೆ ಬಿದ್ದಿದ್ದರೆ, ಆ ಬೆಡ್‌ನ ಕೆಸರು ಯಾವ ಹೊಲಕ್ಕೂ ಹೋಗುವುದಿಲ್ಲ. ಭಾರ ಲೋಹಗಳು ಬಿಸಿಗೂ ಸಾಯುವುದಿಲ್ಲ, ವರ್ಷ ಇಟ್ಟರೂ ಹೋಗುವುದಿಲ್ಲ. ಅದಕ್ಕೇ ಗೇಟಿನ ರಿಜಿಸ್ಟರಿನಲ್ಲಿ ಲೋಡು ಎಲ್ಲಿಂದ ಬಂತು, ಯಾವ ಬೆಡ್‌ಗೆ ಹೋಯಿತು, ಯಾವ ರಾಶಿ ಸೇರಿತು ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆದಿಡುತ್ತೇವೆ. ಗೊಬ್ಬರ ಒಯ್ಯುವ ರೈತರು ಕೇಳಿದರೆ ಆ ಸಾಲನ್ನು ತೋರಿಸುತ್ತೇವೆ.