ಹರ್ನಿಯಾ ಆಪರೇಷನ್ನಿಗೆ ಹೋಗುವ ಮಗುವಿಗೊಂದು ವಿಡಿಯೊ: ಸ್ಕ್ರಿಪ್ಟ್ ಬರೆದ ನನ್ನ ಅನುಭವ

ಮೂರು ನಿಮಿಷಕ್ಕೂ ಕಡಿಮೆಯ ವಿಡಿಯೊ ಇದು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯವರು ಈಗ ಆಪರೇಷನ್ನಿಗೆ ದಿನ ಗೊತ್ತುಮಾಡುವಾಗಲೇ ಇದನ್ನು ತಂದೆತಾಯಿಯ ವಾಟ್ಸ್ಆ್ಯಪ್‌ಗೆ ಕಳುಹಿಸುತ್ತಾರೆ. ಶುರುವಿನಲ್ಲಿ ಬೇಡವೆಂದವರೇ ಹೆಚ್ಚು. "ಐದು ವರ್ಷದ ಹುಡುಗನಿಗೆ ಇದನ್ನೆಲ್ಲ ತೋರಿಸಿದರೆ ಗೇಟಿನಲ್ಲೇ ರಂಪ ಮಾಡುತ್ತಾನೆ, ಮಾಮನ ಮನೆಗೆ ಹೋಗೋಣ ಅಂತ ಹೇಳಿ ಕರೆದುಕೊಂಡು ಬಂದರೆ ಸಾಕು" ಎಂದು ಹಿರಿಯ ಸರ್ಜನ್ ಒಬ್ಬರು ನನ್ನೆದುರೇ ಹೇಳಿದ್ದರು. ಈಗ ಟಾನ್ಸಿಲ್‌ಗೂ ಒಂದು ಬರೆದುಕೊಡಿ ಎಂದು ಕೇಳುತ್ತಿರುವವರೂ ಅವರೇ. ಆಸ್ಪತ್ರೆಗಳಿಗೆ ವಿಡಿಯೊ ಬರೆಯುವ ನಮ್ಮ ಬಳಗದವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಕ್ಯಾಮೆರಾ, ಎಡಿಟಿಂಗ್ ವಿಷಯ ನಿಮಗೆ ಹೊಸದಲ್ಲ, ಅದನ್ನು ಬಿಡುತ್ತೇನೆ.

ಮೊದಲು ಹಣದ ಮಾತು. ಆಸ್ಪತ್ರೆಯವರು ನನಗಿಂತ ಮುಂಚೆ ಒಂದು ಅನಿಮೇಷನ್ ಮಾಡಿಸಿದ್ದರು. ನನಗೆ ನೆನಪಿರುವ ಹಾಗೆ ಅದಕ್ಕೆ ಅರವತ್ತು ಸಾವಿರದ ಆಸುಪಾಸು ಖರ್ಚಾಗಿತ್ತು. ಅದರಲ್ಲಿ ಮೊಲವೊಂದು ಕುಣಿಯುತ್ತ ಆಸ್ಪತ್ರೆಗೆ ಹೋಗುತ್ತದೆ, ಡಾಕ್ಟರ್ ಆನೆ ಅದನ್ನು ವಾಸಿಮಾಡುತ್ತದೆ. ಮಕ್ಕಳು ನಗುನಗುತ್ತ ನೋಡಿದರು. ಆಪರೇಷನ್ ಥಿಯೇಟರ್ ಬಾಗಿಲಿಗೆ ಬಂದಾಗ ಮಾತ್ರ ಅಳು ಒಂದಿಷ್ಟೂ ಕಡಿಮೆಯಾಗಲಿಲ್ಲ. ಆಗಲು ಕಾರಣವೂ ಇರಲಿಲ್ಲ. ಅಲ್ಲಿ ಮೊಲವೂ ಇಲ್ಲ, ಆನೆಯೂ ಇಲ್ಲ. ಟೋಪಿ ಮಾಸ್ಕ್ ಹಾಕಿಕೊಂಡು ಕಣ್ಣು ಮಾತ್ರ ಕಾಣುವ ನಾಲ್ಕು ಜನ ದೊಡ್ಡವರಿದ್ದಾರೆ. ಮೊದಲು ನೋಡಿದ್ದಕ್ಕೂ ಬಾಗಿಲಲ್ಲಿ ಕಂಡದ್ದಕ್ಕೂ ಸಂಬಂಧವಿಲ್ಲದ ಮೇಲೆ ಮಗುವಿಗೆ ವಿಡಿಯೊದಿಂದ ಏನು ಸಿಗುತ್ತದೆ?

ನಾನು ಅನಿಮೇಷನ್ ಕೈಬಿಟ್ಟು ಅದೇ ಆಸ್ಪತ್ರೆಯಲ್ಲಿ, ಅದೇ ಕಾರಿಡಾರಿನಲ್ಲಿ ಮೊಬೈಲಿನಿಂದಲೇ ಚಿತ್ರೀಕರಿಸಿದೆ. ಕಾಲರ್ ಮೈಕ್, ಎಡಿಟಿಂಗ್, ದನಿ ಕೊಟ್ಟ ಹುಡುಗಿಗೆ ಒಂದಿಷ್ಟು, ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿಯಿತು. ನನ್ನ ಸ್ಕ್ರಿಪ್ಟಿನ ಸಂಭಾವನೆ ಬೇರೆ, ಅದರಲ್ಲಿ ನಾನು ಚೌಕಾಸಿಗೆ ಬಗ್ಗುವುದಿಲ್ಲ.

ಸ್ಕ್ರಿಪ್ಟಿನ ಮೂಲ ನಿಯಮ ಒಂದೇ: ಮಗು ಎಚ್ಚರವಿದ್ದಾಗ ಕಾಣುವ, ಕೇಳುವ, ಮೂಸುವ, ಮುಟ್ಟುವ ಸಂಗತಿಗಳು ಮಾತ್ರ, ನಡೆಯುವ ಕ್ರಮದಲ್ಲೇ ಬರಬೇಕು. ಹಾಗಾಗಿ ಆಪರೇಷನ್ನಿನ ವಿಡಿಯೊದಲ್ಲಿ ಆಪರೇಷನ್ನೇ ಇಲ್ಲ. ಅದು ನಡೆಯುವಾಗ ಮಗುವಿಗೆ ಪ್ರಜ್ಞೆ ಇರುವುದಿಲ್ಲ, ಅವನ ಪಾಲಿಗೆ ಅದು ನಡೆಯುವುದೇ ಇಲ್ಲ. ಕರುಳು, ಸ್ನಾಯು, ಹೊಲಿಗೆಯ ಚಿತ್ರ ಬೇಕೆಂದು ಸರ್ಜನ್‌ಗಳು ಕೇಳುತ್ತಾರೆ. ಅದು ಅಪ್ಪಅಮ್ಮನಿಗೆ ಬೇಕಾದದ್ದು, ಅವರಿಗೆ ಬೇರೆ ತುಣುಕು ಮಾಡಿ.

ಆದರೂ ಆಪರೇಷನ್ ಬಗ್ಗೆ ಒಂದು ವಾಕ್ಯವನ್ನು ಬಿಡುವ ಹಾಗಿಲ್ಲ. ಹರ್ನಿಯಾದ ಗಾಯ ಬರುವುದು ತೊಡೆಸಂದಿನ ಮಡಿಕೆಯಲ್ಲಿ. ಚಡ್ಡಿ ಬಿಚ್ಚಿಸಿ ಡಾಕ್ಟರ್ ಪರೀಕ್ಷೆ ಮಾಡಿದ್ದಾರೆ, ದೊಡ್ಡವರು ಪಿಸುಗುಟ್ಟಿದ್ದಾರೆ. ಹುಡುಗ ತನ್ನಷ್ಟಕ್ಕೇ ಏನು ಕಲ್ಪಿಸಿಕೊಂಡಿರುತ್ತಾನೆ ಎಂಬುದನ್ನು ಯಾರೂ ಕೇಳುವುದಿಲ್ಲ. ವಾರ್ಡಿನ ನರ್ಸ್ ಅಕ್ಕ ಒಬ್ಬರು ನನಗೆ ಇದನ್ನು ಬಿಡಿಸಿ ಹೇಳಿದರು: "ಮೂತ್ರ ಮಾಡುವುದನ್ನು ಕತ್ತರಿಸುತ್ತಾರಾ ಎಂದು ಹುಡುಗರು ನನ್ನನ್ನು ಕೇಳುತ್ತಾರೆ, ಅಮ್ಮನನ್ನು ಕೇಳುವುದಿಲ್ಲ." ಅಂದಿನಿಂದ ಸ್ಕ್ರಿಪ್ಟಿನ ಎರಡನೆಯ ಮಾತೇ ಇದು: "ನಿನ್ನ ತೊಡೆಯ ಹತ್ತಿರ ಒಂದು ಉಬ್ಬು ಇದೆಯಲ್ಲ, ಅದನ್ನು ಡಾಕ್ಟರ್ ಸರಿಮಾಡುತ್ತಾರೆ. ಮೂತ್ರ ಮಾಡುವ ಜಾಗ ಈಗ ಹೇಗಿದೆಯೋ ಹಾಗೆಯೇ ಇರುತ್ತದೆ." ಆಡಳಿತ ಕಚೇರಿಯವರು ಇದನ್ನು ಸಭ್ಯವಲ್ಲವೆಂದು ತೆಗೆಸಲು ನೋಡಿದರು. ನಾನು ಬಿಡಲಿಲ್ಲ.

ಇನ್ನು ಸುಳ್ಳಿನ ವಿಷಯ. "ಏನೂ ನೋವಾಗುವುದಿಲ್ಲ" ಎಂಬ ಮಾತು ನನ್ನ ಸ್ಕ್ರಿಪ್ಟಿನಲ್ಲಿ ಎಲ್ಲೂ ಬರುವುದಿಲ್ಲ. ಕೈಗೆ ಸೂಜಿ ಹಾಕುವ ಭಾಗವನ್ನೇ ನೋಡಿ. ಮರಗಟ್ಟಿಸುವ ಮುಲಾಮು ಹಚ್ಚಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿದರೆ ಚರ್ಮ ಸರಿಯಾಗಿ ಮರಗಟ್ಟಲು ಸುಮಾರು ಒಂದು ಗಂಟೆ ಬೇಕು. ಮೊದಲ ಕರಡಿನಲ್ಲಿ "ಮುಲಾಮು ಹಚ್ಚಿದರೆ ಗೊತ್ತೇ ಆಗುವುದಿಲ್ಲ" ಎಂದಿತ್ತು. ಪ್ರಯೋಗಕ್ಕೆ ತೋರಿಸಿದ ದಿನ ವಾರ್ಡಿನಲ್ಲಿ ಗಡಿಬಿಡಿ, ಮುಲಾಮು ಹಚ್ಚಿ ಕಾಲು ಗಂಟೆಗೇ ಸೂಜಿ ಹಾಕಿದರು. ಮಗು ಕಿರುಚಿಕೊಂಡಿತು, ಆಮೇಲೆ ನಾವು ಹೇಳಿದ ಯಾವ ಮಾತನ್ನೂ ನಂಬಲಿಲ್ಲ. ಅಲ್ಲಿಂದ ಎರಡು ಬದಲಾವಣೆ ಬಂತು. ಪಟ್ಟಿಯ ಮೇಲೆ ಹಚ್ಚಿದ ವೇಳೆಯನ್ನು ಪೆನ್ನಿನಿಂದ ಬರೆಯುವುದು ವಾರ್ಡಿನ ಪದ್ಧತಿಯಾಯಿತು, ವಿಡಿಯೊದಲ್ಲೂ ಅದು ಹತ್ತಿರದಿಂದ ಕಾಣುತ್ತದೆ. ಮಾತು ಹೀಗೆ ಬದಲಾಯಿತು: "ಪಟ್ಟಿ ತೆಗೆದಾಗ ಅಲ್ಲಿ ಚರ್ಮ ನಿದ್ದೆ ಮಾಡುತ್ತಿರುತ್ತದೆ. ಒತ್ತಿದ್ದು ಗೊತ್ತಾಗಬಹುದು. ನೀನು ಬೇಕಾದರೆ ನೋಡಬಹುದು, ಬೇಡವಾದರೆ ಅಮ್ಮನ ಕಡೆ ತಿರುಗಬಹುದು." ಕೊನೆಯ ಆ ಆಯ್ಕೆ ಮಗುವಿನ ಕೈಯಲ್ಲಿರುವ ಏಕೈಕ ಅಧಿಕಾರ, ಅದನ್ನು ಕಿತ್ತುಕೊಳ್ಳಬೇಡಿ.

ಕೈಯ ಸೂಜಿಯಿಂದ ಅರಿವಳಿಕೆ ಕೊಡುತ್ತಾರೋ, ಮಗುವಿನ ಮೂಗುಬಾಯಿಗೆ ಹಿಡಿಯುವ ಮಾಸ್ಕಿನಿಂದ ಕೊಡುತ್ತಾರೋ ಎಂಬುದು ಅರಿವಳಿಕೆ ತಜ್ಞರ ತೀರ್ಮಾನ. ಆದ್ದರಿಂದ ಆ ಅರ್ಧ ನಿಮಿಷದ ತುಂಡನ್ನು ಎರಡು ಬಗೆಯಲ್ಲಿ ಮಾಡಿಟ್ಟಿದ್ದೇನೆ. ಯಾವ ಮಗುವಿಗೆ ಯಾವುದೋ ಅದನ್ನೇ ಕಳುಹಿಸುತ್ತಾರೆ. ಎರಡನ್ನೂ ಒಂದೇ ವಿಡಿಯೊದಲ್ಲಿ ತುರುಕಿದರೆ ಮಗು ಎರಡಕ್ಕೂ ಹೆದರುತ್ತದೆ.

ಮಾಸ್ಕಿನ ತುಂಡು ನನಗೆ ಹೆಮ್ಮೆಯದು. ಮಾಸ್ಕಿನ ಕೊಳವೆಗೆ ಹೊಂದಿಕೊಂಡು ಒಂದು ರಬ್ಬರ್ ಚೀಲ ಇರುತ್ತದೆ, ಮಗು ಉಸಿರಾಡಿದ ಹಾಗೆ ಅದು ಉಬ್ಬಿ ಇಳಿಯುತ್ತದೆ. ವೈದ್ಯರಿಗೆ ಅದು ದಿನನಿತ್ಯದ ವಸ್ತು, ಅವರ ಕಣ್ಣಿಗೆ ಬೀಳುವುದೂ ಇಲ್ಲ. ನಾನು ಹತ್ತು ಸೆಕೆಂಡು ಪೂರ್ತಿ ಅದನ್ನೇ ತೋರಿಸಿದೆ: "ಆ ಚೀಲ ನೋಡು. ಅದನ್ನು ಉಬ್ಬಿಸುವುದು, ಇಳಿಸುವುದು ನಿನ್ನ ಉಸಿರು. ಬಿಳಿ ಹಲಗೆಯ ಮೇಲೆ ಬರೆಯುವ ಪೆನ್ನಿನ ಥರ ವಾಸನೆ ಬರಬಹುದು." ವಾಸನೆಯ ಮಾತನ್ನು ಮೊದಲೇ ಹೇಳಿರದಿದ್ದರೆ ಎರಡನೆಯ ಉಸಿರಿಗೇ ಮಗು ಮಾಸ್ಕನ್ನು ತಳ್ಳುತ್ತದೆ. ಈ ದೃಶ್ಯಕ್ಕೆ ತುಸು ಮುಂಚೆ ನಾನೊಂದು ಸದ್ದು ಬಳಸುತ್ತೇನೆ. ಅದೇ ಸದ್ದು ಥಿಯೇಟರಿನಲ್ಲೂ ಕೇಳಿಸುವಂತೆ ಏರ್ಪಾಡಾಗಿದೆ. ಯಾವ ಸದ್ದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ನಡುವೆ ಒಂದು ಪ್ರಯೋಗ ಮಾಡಿದೆವು. ವಿಡಿಯೊ ಜೊತೆಗೆ ಹೊಸ ಮಾಸ್ಕ್ ಒಂದನ್ನು ಮನೆಗೇ ಕೊಟ್ಟು ಕಳುಹಿಸಿದೆವು, ಗೊಂಬೆಗೆ ಹಾಕಿ ಆಡಲಿ ಎಂದು. ತುಂಬ ಚೆನ್ನಾಗಿ ನಡೆಯಿತು. ಆದರೆ ಒಂದೊಂದಕ್ಕೂ ಐವತ್ತೋ ಅರವತ್ತೋ ರೂಪಾಯಿ ಎಂದು ಆಸ್ಪತ್ರೆಯ ಖರೀದಿ ವಿಭಾಗ ನಿಲ್ಲಿಸಿತು. ಲಕ್ಷಗಟ್ಟಲೆ ಬಿಲ್ ಮಾಡುವ ಕಡೆ ಈ ಜುಗ್ಗತನ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲಿರಬೇಕೆಂದು ನಿಮಗೆ ಗೊತ್ತು. ಟ್ರಾಲಿಯ ಮೇಲೆ ಮಲಗಿದ ಮಗುವಿನ ಕಣ್ಣು ಇರುವುದು ದಿಂಬಿನ ಮೇಲೆ, ನೋಟ ಇರುವುದು ಚಾವಣಿಯ ಕಡೆ. ಮೊಬೈಲನ್ನು ದಿಂಬಿನ ಮೇಲಿಟ್ಟು ಟ್ರಾಲಿ ತಳ್ಳಿಸಿ. ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ, ಬಾಗಿಲು ತಲೆಯ ಮೇಲೆ ತೆರೆದುಕೊಳ್ಳುತ್ತದೆ, ನರ್ಸ್ ಮುಖ ತಲೆಕೆಳಗಾಗಿ ಬಗ್ಗಿ ನೋಡುತ್ತದೆ. ಆ ನರ್ಸ್ ಮೊದಲು ಮಾಸ್ಕ್ ಇಲ್ಲದೆ ನಕ್ಕು, ಆಮೇಲೆ ಕ್ಯಾಮೆರಾ ಮುಂದೆಯೇ ಮಾಸ್ಕ್ ಕಟ್ಟಿಕೊಳ್ಳಬೇಕು.

ಅಮ್ಮ ಎಲ್ಲಿಯವರೆಗೆ ಬರುತ್ತಾಳೆ ಎಂಬುದನ್ನು ಆಸ್ಪತ್ರೆಯಿಂದ ಖಚಿತ ಮಾಡಿಕೊಳ್ಳದೆ ಒಂದಕ್ಷರವನ್ನೂ ಬರೆಯಬೇಡಿ. ನಮ್ಮಲ್ಲಿ ಥಿಯೇಟರಿನ ಮುಂದಿನ ಕೆಂಪು ಗೆರೆಯವರೆಗೆ ಮಾತ್ರ ಬಿಡುತ್ತಾರೆ. ಅದನ್ನೇ ತೋರಿಸಿದೆವು: "ಅಮ್ಮ ಈ ಗೆರೆಯ ಹತ್ತಿರ ನಿಲ್ಲುತ್ತಾಳೆ. ನೀನು ಎದ್ದಾಗ ಅಮ್ಮನನ್ನು ಒಳಗೆ ಕರೆಯುತ್ತಾರೆ." ಎರಡನೆಯ ಮಾತು ನಿಜವಾಗಬೇಕೆಂದು ಚೇತರಿಕೆ ಕೋಣೆಗೆ ತಾಯಿಯನ್ನು ಬಿಡುವ ನಿಯಮ ಮಾಡಿಸಲು ಚಿತ್ರೀಕರಣಕ್ಕಿಂತ ಹೆಚ್ಚು ದಿನ ಓಡಾಡಿದೆ.

ಎಚ್ಚರವಾದ ಮೇಲಿನ ಭಾಗವನ್ನು ಹೆಚ್ಚಿನವರು ಒಂದು ನಗುಮುಖ ತೋರಿಸಿ ಮುಗಿಸುತ್ತಾರೆ. ಅಲ್ಲೇ ಕೆಲಸ ಕೆಡುವುದು. ಹರ್ನಿಯಾ ಆಪರೇಷನ್ನಿನಲ್ಲಿ ನೋವು ಕಡಿಮೆಯಿರಲೆಂದು ಬೆನ್ನಿನ ಕೆಳಭಾಗದಲ್ಲಿ ಮರಗಟ್ಟಿಸುವ ಮದ್ದು ಕೊಡುವುದುಂಟು. ಆಗ ಎದ್ದ ಮೇಲೆ ಕೆಲವು ಗಂಟೆ ಕಾಲು ಭಾರವಾಗಿರಬಹುದು, ನಿಂತರೆ ಕುಸಿಯಬಹುದು. ಕಾಲೇ ಹೋಯಿತೆಂದು ಗಾಬರಿಯಾಗಿ ಅತ್ತ ಹುಡುಗನನ್ನು ನಾನೇ ನೋಡಿದ್ದೇನೆ. "ಕಾಲು ನಿನಗಿಂತ ನಿಧಾನವಾಗಿ ಏಳುತ್ತದೆ. ಅದು ಏಳುವವರೆಗೆ ಮಲಗಿಯೇ ಇರು" ಎಂಬ ಮಾತು ಸೇರಿಸಿದ ಮೇಲೆ ಮಕ್ಕಳೇ ನರ್ಸ್‌ಗೆ "ನನ್ನ ಕಾಲು ಇನ್ನೂ ಎದ್ದಿಲ್ಲ" ಎಂದು ವರದಿ ಕೊಡುತ್ತಾರೆ.

ಅಪ್ಪಅಮ್ಮನ ತುಣುಕು ಬೇರೆ, ಒಂದೂವರೆ ನಿಮಿಷ. ಅದರಲ್ಲಿ ಮುಖ್ಯ ಸಂಗತಿ ಎರಡೇ. ಕೆಲವು ಮಕ್ಕಳು ಅರಿವಳಿಕೆಯಿಂದ ಏಳುವಾಗ ಒದ್ದಾಡಿ, ಅಮ್ಮನ ಗುರುತೂ ಸಿಗದ ಹಾಗೆ ಚೀರುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಇಳಿಯುತ್ತದೆ. ಎರಡನೆಯದು ಉಪವಾಸ. ಗಟ್ಟಿ ಆಹಾರ ಆರು ಗಂಟೆ ಮುಂಚೆಯೇ ನಿಲ್ಲಬೇಕು, ನೀರು ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೆ ಕೊಡಬಹುದು, ನಿಖರ ವೇಳೆಯನ್ನು ತಜ್ಞರು ಹೇಳುತ್ತಾರೆ. ಅಜ್ಜಿ ಮರುಕದಿಂದ ಕೊಟ್ಟ ಬಿಸ್ಕತ್ತಿನಿಂದ ಮುಂದಕ್ಕೆ ಹೋದ ಆಪರೇಷನ್ನುಗಳಿವೆ. ಹೊಟ್ಟೆಯಲ್ಲಿರುವುದು ಪ್ರಜ್ಞೆ ಇಲ್ಲದಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಎಂಬ ಕಾರಣವನ್ನು ನೇರವಾಗಿ ಹೇಳಿದೆ. ಕಾರಣ ಗೊತ್ತಾದರೆ ಅಜ್ಜಿಯರೇ ಕಾವಲು ಕೂರುತ್ತಾರೆ.

ಯಾವಾಗ ತೋರಿಸಬೇಕು ಎಂಬುದರಲ್ಲಿ ನನ್ನ ಲೆಕ್ಕ: ಮೂರು ವರ್ಷದವರಿಗೆ ಹಿಂದಿನ ದಿನ, ನಾಲ್ಕೈದರವರಿಗೆ ಎರಡು ಮೂರು ದಿನ ಮುಂಚೆ, ಆರು ದಾಟಿದವರಿಗೆ ವಾರ ಮುಂಚೆ. ಚಿಕ್ಕವರಿಗೆ ಬಹಳ ಮುಂಚೆ ತೋರಿಸಿದರೆ ರಾತ್ರಿಯೆಲ್ಲ ಅದನ್ನೇ ಕನವರಿಸುತ್ತಾರೆ. ನಿರೂಪಣೆ ನಿಮಿಷಕ್ಕೆ ಎಪ್ಪತ್ತು ಎಂಬತ್ತು ಪದ ಮೀರಬಾರದು.

ಫಲಿತಾಂಶ ಕೇಳುವವರಿಗೆ ನಾನು ಪಟ್ಟಿ ಇಟ್ಟಿಲ್ಲ. ಮೊದಲೆಲ್ಲ ಕೆಂಪು ಗೆರೆಯ ಹತ್ತಿರ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಎತ್ತಿಕೊಂಡು ಒಳಗೆ ಒಯ್ಯಬೇಕಿತ್ತು, ಈಗ ಹೆಚ್ಚಿನವರು ಟ್ರಾಲಿಯಲ್ಲಿ ಮಲಗಿಯೇ ಹೋಗುತ್ತಾರೆ ಎಂದು ಥಿಯೇಟರ್ ಸಿಬ್ಬಂದಿ ಹೇಳುತ್ತಾರೆ. ಅಳುವವರು ಈಗಲೂ ಇದ್ದಾರೆ. ಹಿಂದೆ ಆಸ್ಪತ್ರೆಯಲ್ಲಿ ನರಳಿದ ಮಕ್ಕಳಿಗೆ, ಎರಡು ವರ್ಷದ ಕೂಸುಗಳಿಗೆ ಈ ವಿಡಿಯೊ ಸಾಲದು.

ಟಾನ್ಸಿಲ್ ಸ್ಕ್ರಿಪ್ಟ್ ಈಗ ಮೂರನೆಯ ಕರಡಿನಲ್ಲಿದೆ. ಗಂಟಲು ನೋವು ವಾರ ಮೀರಿಯೂ ಇರಬಹುದು, ನಡುವೆ ಒಂದೆರಡು ದಿನ ಹೆಚ್ಚಾಗಲೂಬಹುದು. ಆದರೂ ಐಸ್‌ಕ್ರೀಮ್‌ನಿಂದಲೇ ಶುರುಮಾಡಿ ಎಂದು ಆಸ್ಪತ್ರೆಯವರು ಪಟ್ಟುಹಿಡಿದಿದ್ದಾರೆ. ನಾನು ನೋವಿನ ಮಾತನ್ನು ಮೊದಲು ಬರೆದು, ಐಸ್‌ಕ್ರೀಮನ್ನು ಅದರ ನಂತರವೇ ಇಟ್ಟು ಕರಡು ವಾಪಸು ಕಳುಹಿಸಿದ್ದೇನೆ.